ಅರ್ಧ ಬಿಡಿಸಿದ ಲೆಕ್ಕ ಸರ್‌ಗೆ ಕಳಿಸೋದು ಹೇಗೆ?

ಅಂಕೋಲಾ, ಸೆಕೆಂಡ್ ಪಿಯು ವಿದ್ಯಾರ್ಥಿನಿ:
ಟ್ಯೂಷನ್ ಸರ್ ಭಾನುವಾರ ಇಂಟಿಗ್ರೇಷನ್ ಲೆಕ್ಕದ ಒಂದು ಸೆಟ್ ಕೊಡ್ತಾರೆ. ವಾರವಿಡೀ ರಾತ್ರಿ ವಾಟ್ಸಾಪಲ್ಲಿ ಡೌಟ್ ಕೇಳಬಹುದು. ನಾನು ಬಿಡಿಸಿದಷ್ಟು ಹೆಜ್ಜೆ ಪೇಸ್ಟ್ ಮಾಡಿ ಕಳಿಸಿದ್ರೂ ಅವರು ಮತ್ತೆ ಮೊದಲನೇ ಸಾಲಿಂದಲೇ ಶುರು ಮಾಡ್ತಾರೆ. ನಾನು ಸಿಕ್ಕಿಬಿದ್ದ ಜಾಗಕ್ಕೆ ಬರುವಷ್ಟರಲ್ಲಿ ಅವರಿಗೂ ಹೊತ್ತಾಗಿರ್ತದೆ. ಹೇಗೆ ಕಳಿಸಿದ್ರೆ ಬಿಟ್ಟಲ್ಲಿಂದ ಮುಂದುವರಿಸ್ತಾರೆ? ಅನುಭವ ಇದ್ದವರು ಹೇಳಿ.

ಶಿರಸಿ, ಬಿಎಸ್‌ಸಿ ಓದುವವ:
ತಂಗಿ, ಟೈಪ್ ಮಾಡೋ ತಲೆಬಿಸಿನೇ ಬೇಡ. ನೋಟ್‌ಬುಕ್ಕಿನ ಫೋಟೋ ಹೊಡೆದು ಕಳಿಸು. ಭಿನ್ನರಾಶಿ, ವರ್ಗಮೂಲ ಎಲ್ಲ ಬರೆದ ಹಾಗೇ ಹೋಗ್ತದೆ. ನಾನು ಪಿಯುನಲ್ಲಿ ಇಡೀ ಪುಟಾನೇ ಕಳಿಸ್ತಿದ್ದೆ. ಎಷ್ಟು ಜಾಸ್ತಿ ಕಳಿಸ್ತೀಯೋ ಅಷ್ಟು ಒಳ್ಳೇದು, ಸರ್ ಹುಡುಕ್ಕೊಳ್ತಾರೆ.

ಕುಮಟಾ, ಪಿಯು ಗಣಿತ ಉಪನ್ಯಾಸಕಿ:
ತಮ್ಮಾ, ಫೋಟೋದಲ್ಲಿ ಭಿನ್ನರಾಶಿ ಕೆಡೋದಿಲ್ಲ ಅನ್ನೋದು ನಿಜ. ಆದರೆ ಹುಡುಕ್ಕೊಳ್ತಾರೆ ಅಂದೆಯಲ್ಲ, ತೊಂದರೆ ಇರೋದೇ ಅಲ್ಲಿ. ಆ ಕಡೆ ಕೂತು ಉತ್ತರ ಕೊಡುವವಳು ನಾನು, ಅಲ್ಲಿಂದ ಏನು ಕಾಣ್ತದೆ ಹೇಳ್ತೇನೆ. ಊಟದ ಹೊತ್ತಿಗೆ ಒಂದರ ಹಿಂದೆ ಒಂದು ಮೆಸೇಜ್ ಬರ್ತಾ ಇರ್ತದೆ. ಪುಟದ ಫೋಟೋ ನೋಡಿದ್ರೆ ಯಾವ ಸಾಲು ನಿನ್ನೆ ಒಪ್ಪಿದ್ದು, ಯಾವುದು ಹೊಡೆದು ಹಾಕಿದ್ದು, ಹುಡುಗಿ ಎಲ್ಲಿ ನಿಂತಿದ್ದಾಳೆ ಒಂದೂ ತಿಳಿಯೋದಿಲ್ಲ. ಅದನ್ನೆಲ್ಲ ಬಿಡಿಸಿ ನೋಡುವ ಬದಲು ಲೆಕ್ಕವನ್ನೇ ಮೊದಲಿಂದ ಮಾಡೋದು ಬೇಗ ಆಗ್ತದೆ.

ಟೈಪ್ ಮಾಡಿದ ಹೆಜ್ಜೆ ಪೇಸ್ಟ್ ಆದರೂ ಸರ್ ಮೊದಲಿಂದ ಶುರು ಮಾಡ್ತಾರೆ ಅಂದರೆ, ಮೇಲಿನ ಸಾಲು ಸರಿ ಇದೆಯೋ ಇಲ್ಲವೋ ಅವರಿಗೆ ಗೊತ್ತಾಗ್ತಾ ಇಲ್ಲ. ಒಂದು ಸಾಲಿಂದ ಇನ್ನೊಂದು ಸಾಲಿಗೆ ಯಾವ ದಾರಿಯಲ್ಲಿ ಬಂದೆ ಅಂತ ಬರೆದಿರದಿದ್ರೆ ಅವರೇ ಮಾಡಿ ನೋಡಬೇಕಾಗ್ತದೆ. ನಿಮ್ಮ ಸೆಟ್‌ನಲ್ಲಿ ಖಂಡಿತ ಇರುವ ಒಂದು ಲೆಕ್ಕ ತಗೊಳ್ತೇನೆ. ನಾನಾದರೆ ಹೀಗೆ ಕಳಿಸ್ಲಿಕ್ಕೆ ಹೇಳ್ತೇನೆ:

```
I = ∫[0 to π] x tan x / (sec x + tan x) dx
1) I = ∫[0 to π] x sin x / (1 + sin x) dx
   (cos x ನಿಂದ ಗುಣಿಸಿದೆ)
2) x ಬದಲು π − x ಹಾಕಿ ಎರಡನ್ನೂ ಕೂಡಿಸಿದೆ
3) 2I = π ∫[0 to π] sin x / (1 + sin x) dx
4) 2I = π ( π − J )
   J = ∫[0 to π] dx / (1 + sin x)
ನಿಂತದ್ದು: J. 1 + sin x ಕೆಳಗಿದ್ದರೆ ಏನು ಮಾಡಬೇಕು?
```

ಕೊನೇ ಸಾಲು ನೋಡು. ಅಲ್ಲಿ ಸರ್‌ಗೆ ಒಂದೇ ಕೆಲಸ ಉಳೀತದೆ, ಅದಕ್ಕೊಂದು ಹೆಸರೂ ಇದೆ. `J` ಸಿಕ್ಕಿದ್ರೆ ನಾಲ್ಕನೇ ಸಾಲಿಗೆ ಹಾಕಿ ಮುಗಿಸೋದು ನಿನಗೇ ಬರ್ತದೆ. ಎರಡನೇ ಸಾಲಿನಲ್ಲಿ ಸೂತ್ರ ಪೂರ್ತಿ ಬರೆದಿಲ್ಲ, ಯಾವ ಗುಣ ಬಳಸಿದ್ದು ಅಂತ ಮಾತ್ರ ಇದೆ. ಕಲಿಸುವವರಿಗೆ ಅಷ್ಟು ಸಾಕು. `sin(π − x)` ಅಂದರೆ `sin x` ಅನ್ನೋದು ಅವರಿಗೆ ತಕ್ಷಣ ಹೊಳೀತದೆ, ಮೂರನೇ ಸಾಲು ಒಪ್ಪಿ ಮುಂದೆ ಹೋಗ್ತಾರೆ.

ಎಡಗಡೆಯ `2I` ಮಾತ್ರ ಎಂದೂ ಬಿಡಬೇಡ. ಒಬ್ಬ ಹುಡುಗ ಮರುದಿನ ಬಲಗಡೆಯದನ್ನಷ್ಟೇ ಕಾಪಿ ಮಾಡಿ ಕಳಿಸಿದ್ದ. ಅಲ್ಲಿಂದ ಮುಂದಿನ ಹೆಜ್ಜೆಯೆಲ್ಲ ಸರಿ, ಉತ್ತರ ಮಾತ್ರ `π(π − 2)`, ಅಂದರೆ ಸುಮಾರು 3.59. ಮುಂದುವರಿಸಿದವರಿಗೆ ಎಲ್ಲೂ ತಪ್ಪು ಕಾಣೋದಿಲ್ಲ, ಯಾಕಂದ್ರೆ ತಪ್ಪು ಇರೋದು ಪೇಸ್ಟ್ ಆಗದೇ ಉಳಿದ ಜಾಗದಲ್ಲಿ. ಪುಸ್ತಕದ ಹಿಂಭಾಗ ನೋಡದೆಯೂ ಇದನ್ನು ಹಿಡೀಬಹುದು. 0 ಯಿಂದ π ತನಕ `sin x / (1 + sin x)` ಅರ್ಧಕ್ಕಿಂತ ಮೇಲೆ ಹೋಗೋದೇ ಇಲ್ಲ. ಹಾಗಾಗಿ ಒಳಗಿನ ಫಂಕ್ಷನ್ `x/2` ನ ಕೆಳಗೇ ಇರ್ತದೆ. `x/2` ನ ವಿಸ್ತೀರ್ಣ `π²/4`, ಸುಮಾರು 2.47. ಮತ್ತೆ 3.59 ಎಲ್ಲಿಂದ ಬರ್ತದೆ? ಸರಿ ಉತ್ತರ ಅದರ ಅರ್ಧ, ಸುಮಾರು 1.79.

ಕಾರವಾರ, ಪಾಲಕರು:
ನನ್ನ ಮಗನೂ ಸೆಕೆಂಡ್ ಪಿಯು. ನನಗೆ ಕೈಗಾದಲ್ಲಿ ಶಿಫ್ಟ್ ಡ್ಯೂಟಿ, ಮನೆಗೆ ಬಂದು ನೋಡಿದ್ರೆ ಹುಡುಗ ಎಲ್ಲಿಂದಲೋ ಉತ್ತರ ಕಾಪಿ ಮಾಡಿ ಪೇಸ್ಟ್ ಮಾಡ್ತಾ ಕೂತಿರ್ತಾನೆ. ಅವನ ಸರ್ ಅದನ್ನು ನಿಲ್ಲಿಸಿಬಿಟ್ಟಿದ್ದಾರೆ. ಬೋರ್ಡ್ ಪರೀಕ್ಷೆಯಲ್ಲಿ ಹೆಜ್ಜೆ ಹೆಜ್ಜೆಗೂ ಅಂಕ ಇರುವಾಗ ಮಕ್ಕಳು ಕೈಯಲ್ಲೇ ಬರೀಬೇಕು. ಪೇಸ್ಟ್ ಮಾಡೋದನ್ನು ಕಲಿಸೋದೇ ತಪ್ಪು ಅಂತ ನನ್ನ ಅಭಿಪ್ರಾಯ.

ಕುಮಟಾ, ಉಪನ್ಯಾಸಕಿ:
ಸರ್, ಇವಳು ಪೇಸ್ಟ್ ಮಾಡ್ತಾ ಇರೋದು ತಾನೇ ಬಿಡಿಸಿದ್ದನ್ನು. ನೋಟ್‌ಬುಕ್ಕಲ್ಲಿ ಬರೆದು, ಅದರಲ್ಲಿ ಮುಖ್ಯವಾದದ್ದನ್ನು ಮೊಬೈಲಿಗೆ ಇಳಿಸ್ತಾಳೆ. ನಿಮ್ಮ ಮಗನ ವಿಷಯದಲ್ಲಿ ನೀವು ಹೇಳಿದ್ದು ಸರಿ.

ಹೊನ್ನಾವರ, ಟ್ಯೂಷನ್ ನಡೆಸುವವರು:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ನನ್ನ ಹತ್ತಿರ ಬರುವ ಪೇಸ್ಟ್‌ಗಳಲ್ಲಿ ಗಣಿತಕ್ಕಿಂತ ಟೈಪಿಂಗಿನ ಗೋಳೇ ಹೆಚ್ಚು. ಪಿಡಿಎಫ್‌ನಿಂದ ಕಾಪಿ ಮಾಡಿದ್ರೆ ಮೇಲಿನ ಘಾತ ಕೆಳಗೆ ಬಿದ್ದು `x²` ಹೋಗಿ `x2` ಆಗ್ತದೆ. ಅದು `2x` ಅಂದುಕೊಂಡು ಮುಂದುವರಿಸಿದ್ರೆ ಮುಗೀತು. ಗುಣಾಕಾರಕ್ಕೆ ನಕ್ಷತ್ರ ಹಾಕಿದ್ರೆ ವಾಟ್ಸಾಪ್ ಕೆಲವು ಸಲ ಎರಡು ನಕ್ಷತ್ರದ ನಡುವಿನದನ್ನು ದಪ್ಪ ಅಕ್ಷರ ಮಾಡಿ ನಕ್ಷತ್ರವನ್ನೇ ನುಂಗಿಬಿಡ್ತದೆ. ಹೆಜ್ಜೆಗಳ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ ಹಾಕಿದ್ರೆ ಟೈಪ್ ಮಾಡಿದ ಹಾಗೇ ಉಳೀತದೆ.

ಎಲ್ಲಕ್ಕಿಂತ ಹೆಚ್ಚು ಕಾಡೋದು ಆವರಣ. `sin x / 1 + sin x` ಅಂತ ಬರೆದ್ರೆ ಅದರ ಅರ್ಥ `2 sin x`. ಬರೆದವಳ ತಲೆಯಲ್ಲಿ ಇರೋದು `sin x / (1 + sin x)`. ಕಳಿಸುವ ಮೊದಲು `x = π/2` ಹಾಕಿ ನೋಡಿ. ನೋಟ್‌ಬುಕ್ಕಿನ ಸಾಲು 1/2 ಕೊಡ್ತದೆ, ಆವರಣ ಬಿಟ್ಟ ಸಾಲು 2 ಕೊಡ್ತದೆ. ಹೀಗೆ ನೋಡಿದ್ರೆ ಟೈಪಿಂಗ್ ತಪ್ಪು ಅಲ್ಲೇ ಸಿಕ್ತದೆ.

ಅಂಕೋಲಾ, ವಿದ್ಯಾರ್ಥಿನಿ:
ಮೇಡಂ, ನೀವು ಹೇಳಿದ ಹಾಗೆ ಅದೇ ಲೆಕ್ಕ ಕಳಿಸಿದೆ. ಸರ್ ಸೀದಾ `J` ಯಿಂದಲೇ ಶುರು ಮಾಡಿದ್ರು! ಮೇಲೆ ಕೆಳಗೆ `1 − sin x` ನಿಂದ ಗುಣಿಸಿದ್ರು, ಕೆಳಗೆ `cos²x` ಬಂತು, ಇಂಟಿಗ್ರೇಟ್ ಮಾಡಿದ್ರೆ `tan x − sec x`. 0, π ಹಾಕಿದಾಗ `J = 2`. ಆದರೆ ಈಗ ಇನ್ನೊಂದು ಡೌಟ್. ನಡುವೆ `π/2` ಇದೆಯಲ್ಲ, ಅಲ್ಲಿ `tan` ಗೂ `sec` ಗೂ ಬೆಲೆಯೇ ಇಲ್ಲ. ಹಾಗಿದ್ರೂ ಇದು ಸರಿಯಾ?

ಶಿರಸಿ, ಬಿಎಸ್‌ಸಿ:
ನಾವು ಹಾಕೋದು 0 ಮತ್ತು π ಮಾತ್ರ ಅಲ್ದಾ? ಅಲ್ಲಿ ಬೆಲೆ ಇದ್ರೆ ಸಾಕು. ಉತ್ತರವೂ ಸರಿ ಬಂತಲ್ಲ.

ಕುಮಟಾ, ಉಪನ್ಯಾಸಕಿ:
ಉತ್ತರ ಸರಿ, ಕಾರಣ ಸರಿ ಅಲ್ಲ ತಮ್ಮಾ. ಅದೇ ನಂಬಿಕೆಯಲ್ಲಿ −1 ರಿಂದ 1 ರ ತನಕ `1/x²` ಮಾಡಿ ನೋಡು. `−1/x` ಗೆ ಎರಡೂ ತುದಿಯಲ್ಲಿ ಬೆಲೆ ಇದೆ, ಹಾಕಿದ್ರೆ −2 ಬರ್ತದೆ. ಎಲ್ಲ ಕಡೆ ಧನವಾಗಿರುವ ಫಂಕ್ಷನ್ನಿನ ವಿಸ್ತೀರ್ಣ ಋಣ ಆಗೋದು ಹೇಗೆ?

ಹುಡುಗಿ ಕೇಳಿದ್ದು ಒಳ್ಳೇ ಪ್ರಶ್ನೆ. `tan x − sec x` ಅನ್ನು ಒಂದೇ ಭಿನ್ನರಾಶಿ ಮಾಡು, `(sin x − 1)/cos x` ಆಗ್ತದೆ. ಮೇಲೆ ಕೆಳಗೆ `1 + sin x` ನಿಂದ ಗುಣಿಸು, `cos x` ಒಂದು ಹೋಗಿ `−cos x/(1 + sin x)` ಉಳೀತದೆ. ಇದಕ್ಕೆ 0 ಯಿಂದ π ತನಕ ಎಲ್ಲೂ ತೊಡಕಿಲ್ಲ, `π/2` ನಲ್ಲಿ ಬೆಲೆ 0. π ಹಾಕಿದ್ರೆ 1, 0 ಹಾಕಿದ್ರೆ −1, ವ್ಯತ್ಯಾಸ 2. ಪರೀಕ್ಷೆಯಲ್ಲಿ ಈ ಒಂದು ಸಾಲು ಬರೆಯೋದು ಒಳ್ಳೇದು ಅಂತ ನಾನು ಮಕ್ಕಳಿಗೆ ಹೇಳ್ತೇನೆ.

ಹೊನ್ನಾವರ, ಟ್ಯೂಷನ್:
ಬರೆಯದಿದ್ರೆ ಯಾರೂ ಅಂಕ ಕಡಿಯೋದಿಲ್ಲ ಮೇಡಂ. ಹೆಚ್ಚಿನವರು ಕಲಿಸೋದೇ `tan x − sec x` ಅಂತ. ಸಮಯ ಇಲ್ಲದ ಹುಡುಗರಿಗೆ ಇದನ್ನು ಹೇರೋದು ಬೇಡ.

ಕುಮಟಾ, ಉಪನ್ಯಾಸಕಿ:
ಅಂಕದ ಮಾತು ಬೇರೆ ಸರ್. ಕೇಳಿದ ಮಗುವಿಗೆ ಅದು ಬೇಡ ಅನ್ನೋದು ನನಗೆ ಒಪ್ಪಿಗೆ ಇಲ್ಲ.

ಅಂಕೋಲಾ, ವಿದ್ಯಾರ್ಥಿನಿ:
ಇನ್ನೊಂದು ಕೇಳ್ತೇನೆ. ಒಂದು ಲೆಕ್ಕ ಎರಡು ರಾತ್ರಿಗೆ ಎಳೆದ್ರೆ ನಾಳೆ ಮತ್ತೆ ಇಡೀ ಕಂತೆ ಪೇಸ್ಟ್ ಮಾಡ್ಬೇಕಾ?

ಕುಮಟಾ, ಉಪನ್ಯಾಸಕಿ:
ಬೇಡ. ಪ್ರಶ್ನೆ, ಸರ್ ಒಪ್ಪಿದ ಕೊನೇ ಸಾಲು, ಈಗ ನಿಂತ ಜಾಗ, ಇಷ್ಟು ಸಾಕು. ಒಪ್ಪಿದ ಸಾಲಿನ ಪಕ್ಕ "ನಿನ್ನೆ ನೋಡಿದ್ದೀರಿ" ಅಂತ ಬರೆ, ಅವರು ಅದರ ಮೇಲಿನದಕ್ಕೆ ಹೋಗೋದಿಲ್ಲ. ನಡುವೆ ಚರಾಕ್ಷರ ಬದಲಾಯಿಸಿದ್ರೆ ಮಾತ್ರ ಆ ಸಾಲೂ ಜೊತೆಗೆ ಹೋಗಬೇಕು. `J` ಯನ್ನು `t = tan(x/2)` ಹಾಕಿ ಮಾಡಿದೆ ಅಂದ್ಕೋ. ಒಳಗಿನದು `2/(1 + t)²` ಆಗ್ತದೆ, ಮಿತಿ 0 ಯಿಂದ ಅನಂತಕ್ಕೆ ಹೋಗ್ತದೆ. ನಾಳೆ ನೀನು `∫ 2 dt/(1 + t)²` ಅಂತ ಮಾತ್ರ ಕಳಿಸಿ ಮೇಲೆ ಪ್ರಶ್ನೆಯಲ್ಲಿ 0, π ಇದ್ರೆ, ಸರ್ ಅದನ್ನೇ ಮಿತಿ ಅಂದುಕೊಂಡು `2 − 2/(1 + π)` ಮಾಡ್ತಾರೆ. ಅದು ಸುಮಾರು 1.52. ನಿನಗೆ ಬೇಕಾದದ್ದು 2.

ಶಿರಸಿ, ಬಿಎಸ್‌ಸಿ:
ಮೇಡಂ, ಹಾಗಾದ್ರೆ `t` ತೆಗೆದು ವಾಪಸ್ `x` ಗೆ ತಂದೇ ಕಳಿಸೋದು ಸಲೀಸಲ್ವಾ? ಮಿತಿ ಬದಲಾಯಿಸೋ ಗೊಡವೆಯೇ ಇಲ್ಲ.

ಕುಮಟಾ, ಉಪನ್ಯಾಸಕಿ:
ಇಂಟಿಗ್ರೇಟ್ ಮಾಡಿ ಆಗಿದ್ರೆ ಸಲೀಸು. ಇಂಟಿಗ್ರೇಷನ್ನೇ ನಿಂತಿರುವಾಗ ವಾಪಸ್ ತಂದ್ರೆ ಹೊರಟಲ್ಲಿಗೇ ಬಂದ ಹಾಗಾಗ್ತದೆ. `t` ಯಲ್ಲೇ ಬಿಡು, ಪಕ್ಕದಲ್ಲಿ ಹೊಸ ಮಿತಿ ಬರೆ.