ಸಹಾಯ ಬೇಕು: ರಾತ್ರಿ ಡ್ಯೂಟಿಯಲ್ಲಿ ತಂಬಾಕು ಬಿಟ್ಟವರು ಯಾರಾದ್ರೂ ಇದ್ದೀರಾ?

ನಮಸ್ಕಾರ. ಹುಬ್ಬಳ್ಳಿ-ಬೆಂಗಳೂರು ರಾತ್ರಿ ಬಸ್ ಓಡಿಸುತ್ತೇನೆ. 12 ವರ್ಷದಿಂದ ಸುಣ್ಣ ಹಚ್ಚಿ ತಿಕ್ಕಿದ ತಂಬಾಕು ಎಡಗೆನ್ನೆಯೊಳಗೆ ಇಟ್ಟುಕೊಳ್ಳುವ ಚಟ. ಹಲ್ಲುನೋವು ಅಂತ ಹೋದರೆ ಡಾಕ್ಟರು ಕನ್ನಡಿ ಹಿಡಿದು ತೋರಿಸಿದರು, ತಂಬಾಕು ಇಡುವ ಜಾಗದಲ್ಲೇ ಬಿಳಿ ಮಚ್ಚೆ, ಒರೆಸಿದರೂ ಹೋಗಲ್ಲ. ಮುಂದೆ ಕ್ಯಾನ್ಸರ್ ಆಗಬಹುದು, ಇವತ್ತೇ ಬಿಡಿ, ಎರಡು ವಾರಕ್ಕೆ ಬನ್ನಿ, ಮಚ್ಚೆ ಹಾಗೇ ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಅಂದರು.

ಇವತ್ತಿಗೆ ಒಂಬತ್ತು ದಿನ. ಹಗಲು ಪರವಾಗಿಲ್ಲ. ಚಿತ್ರದುರ್ಗ ದಾಟುತ್ತಲೇ ಕೈ ತಾನಾಗಿ ಅಂಗಿ ಜೇಬಿಗೆ ಹೋಗುತ್ತದೆ. ನಿಕೋಟಿನ್ ಗಮ್ ಕೊಟ್ಟಿದ್ದಾರೆ. ಮೊದಲು ಸುಮ್ನೆ ಜಗಿದು ಬಿಕ್ಕಳಿಕೆ ಬಂತು. ನಾಲಿಗೆ ಚುರುಗುಟ್ಟುವವರೆಗೆ ನಿಧಾನ ಜಗಿದು ಕೆನ್ನೆಯಲ್ಲಿ ಇಡಬೇಕಂತೆ. ಚಹಾ ಕುಡಿದ 15 ನಿಮಿಷ ಹಾಕಬಾರದಂತೆ, ನನಗೆ ನಿದ್ದೆ ತಡೆಯುವುದೇ ಚಹಾ. ಇವೆರಡನ್ನೂ ನೀವು ಹೇಗೆ ಹೊಂದಿಸಿಕೊಂಡಿರಿ? ದಯವಿಟ್ಟು ಹೇಳಿ, ನಾಳೆ ರಾತ್ರಿ ಮತ್ತೆ ಡ್ಯೂಟಿ ಇದೆ.