ಕೂಲರ್ ಮುಂದೆ ಮಲಗಿದ ಅಜ್ಜ: ಮೂರು ನಿಮಿಷದ ಕಾರ್ಟೂನಿನ ಕೊನೆ ಯಾಕೆ ಓಡುತ್ತಿದೆ?

ಪ್ರಶ್ನೆ (ಅನಿಮೇಷನ್ ವಿದ್ಯಾರ್ಥಿ, ಕಲಬುರಗಿ)

ಮೂರು ನಿಮಿಷದ ಕಾಮಿಡಿ ಮಾಡುತ್ತಿದ್ದೇನೆ. ಮೇ ತಿಂಗಳ ಮಧ್ಯಾಹ್ನ, ನಮ್ಮ ಕಲಬುರಗಿಯ ಒಂದು ಮನೆ. ಅಜ್ಜ ಕೂಲರ್ ಮುಂದೆ ಹೊರಸಿನ ಮೇಲೆ ಮಲಗಿದ್ದಾನೆ. ಒಬ್ಬ ಕಳ್ಳ ಬಂದು ಐದು ಸಲ ಆ ಕೂಲರ್ ಕದಿಯಲು ನೋಡುತ್ತಾನೆ. ಪ್ರತಿ ಸಲ ಏನೋ ಬಿದ್ದು ಸದ್ದಾಗುತ್ತದೆ, ಅಜ್ಜ ಏಳುವುದಿಲ್ಲ. 2:35ಕ್ಕೆ ಏಳುತ್ತಾನೆ. ಆಮೇಲೆ ಜಗಳ, ರಾಜಿ, ಮನೆಯವರು ಬರುವುದು, ಅಜ್ಜನೂ ಕಳ್ಳನೇ ಅಂತ ಫ್ಲ್ಯಾಶ್‌ಬ್ಯಾಕ್, ಇಬ್ಬರೂ ಓಡುವುದು, ಎಲ್ಲ 25 ಸೆಕೆಂಡಲ್ಲಿ. ನೋಡಿದವರು "ಕೊನೆಗೆ ಏನಾಯ್ತು?" ಅಂತ ಕೇಳುತ್ತಾರೆ. 3 ನಿಮಿಷ ದಾಟುವ ಹಾಗಿಲ್ಲ. ಏನು ಮಾಡಲಿ ಅಕ್ಕಾ?

ಉತ್ತರ (ಸ್ಟೋರಿಬೋರ್ಡ್ ಕಲಾವಿದೆ, ಬೀದರ್)

ತಮ್ಮಾ, ನಿಮ್ಮ ಕೊನೆ ಚೆನ್ನಾಗಿದೆ. ಅದಕ್ಕೆ ಬೇಕಾದ ಜಾಗವನ್ನು ನಡುಭಾಗ ತಿಂದು ಕೂತಿದೆ. ಐದು ಪ್ರಯತ್ನಗಳಲ್ಲಿ ಎರಡನ್ನು ತೆಗೆದುಬಿಡಿ. ಮೂರನೆಯ ಸಲಕ್ಕೇ ನೋಡುವವರಿಗೆ "ಎಷ್ಟು ಸದ್ದಾದರೂ ಅಜ್ಜ ಏಳುವುದಿಲ್ಲ" ಅನ್ನುವುದು ಗಟ್ಟಿಯಾಗಿರುತ್ತದೆ. ನಾಲ್ಕು, ಐದು ಅದನ್ನೇ ಮತ್ತೆ ಹೇಳುತ್ತವೆ.

ನಾನಾದರೆ ಹೀಗೆ ಹಂಚುತ್ತೇನೆ. ಮೊದಲ 30 ಸೆಕೆಂಡು ಅಜ್ಜನಿಗೆ. ಅಲ್ಲಿಂದ 1:50ರ ತನಕ ಮೂರು ಪ್ರಯತ್ನ. 1:50ರಿಂದ 2:20 ಕ್ಲೈಮ್ಯಾಕ್ಸ್. ಆಮೇಲೆ 8 ಸೆಕೆಂಡು ಏನೂ ಆಗದ ಸಮಯ. 2:28ರಿಂದ 2:48 ಟ್ವಿಸ್ಟ್. ಉಳಿದ 12 ಸೆಕೆಂಡಲ್ಲಿ ಇಬ್ಬರೂ ಬಿಸಿಲಲ್ಲಿ ಓಡುತ್ತಿರುವ ಚಿತ್ರದ ಮೇಲೇ ಹೆಸರುಗಳು ಬರಲಿ. ಹೆಸರಿಗೆ ಬೇರೆ ಕಪ್ಪು ಪರದೆ ಬೇಡ.

ಈಗ ಕ್ಲೈಮ್ಯಾಕ್ಸ್. ಅಜ್ಜ ಯಾಕೆ ಏಳುತ್ತಾನೆ ಅನ್ನುವುದೇ ಅದರ ಜೀವ. ತಾಟು ಬಿದ್ದಾಗ ಏಳಲಿಲ್ಲ, ಕೊಡ ಉರುಳಿದಾಗ ಏಳಲಿಲ್ಲ, ಕಪಾಟೇ ಬಿದ್ದಾಗಲೂ ಮಗ್ಗಲು ಬದಲಿಸಿ ಮಲಗಿದ. ಕಳ್ಳ ಈಗ ಉಸಿರು ಬಿಗಿಹಿಡಿದು, ಒಂದು ಚೂರೂ ಸದ್ದು ಮಾಡದೆ ಕೂಲರ್‌ನ ಪ್ಲಗ್ ತೆಗೆಯುತ್ತಾನೆ. ಮೊದಲಿಂದ ಗರ್ರ್ ಅನ್ನುತ್ತಿದ್ದದ್ದು ನಿಂತುಹೋಗುತ್ತದೆ. ಸದ್ದಿಗೆ ಏಳದ ಅಜ್ಜ ಆ ಮೌನಕ್ಕೆ ಕಣ್ಣು ಬಿಡುತ್ತಾನೆ. ನಮ್ಮ ಕಡೆ ಬೇಸಿಗೆಯಲ್ಲಿ ಮಲಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅಲ್ವಾ? ಆ ಕ್ಷಣಕ್ಕೆ ಒಂದೂವರೆ ಸೆಕೆಂಡು ಪೂರ್ತಿ ಕೊಡಿ. ಸೆಕೆಂಡಿಗೆ 24ರ ಲೆಕ್ಕದಲ್ಲಿ 36 ಫ್ರೇಮ್. ಬೆವರಿನ ಒಂದು ಹನಿ ಬಿಟ್ಟರೆ ಏನೂ ಅಲುಗಾಡಬಾರದು.

ಜಗಳ ಬೇಡ. ಅಜ್ಜ ಮಾತಾಡದೆ ಪ್ಲಗ್ ಕಡೆ ಬೆರಳು ತೋರಿಸಲಿ. ಕಳ್ಳ ಮತ್ತೆ ಸಿಕ್ಕಿಸಲಿ. ಇಬ್ಬರೂ ಕೂಲರ್ ಮುಂದೆ ಅಕ್ಕಪಕ್ಕ ಕೂತು ಮಜ್ಜಿಗೆ ಕುಡಿಯಲಿ. ಇದೇ ಆ 8 ಸೆಕೆಂಡು. ಇಲ್ಲಿ ಕಥೆ ಮುಗಿಯಿತು ಅಂತ ನೋಡುವವರಿಗೆ ನಿಜವಾಗಿ ಅನ್ನಿಸಬೇಕು. ಕ್ಲೈಮ್ಯಾಕ್ಸಿನ ನಗು ಇನ್ನೂ ಬಾಯಲ್ಲಿರುವಾಗಲೇ ಟ್ವಿಸ್ಟ್ ತಂದರೆ ಎರಡೂ ಹಾಳು. ನಿಮಗೆ ಈಗ ಆಗುತ್ತಿರುವುದು ಅದೇ.

ಟ್ವಿಸ್ಟಿನಲ್ಲಿ ಒಂದು ಶಾಟಿಗೆ ಒಂದೇ ಹೊಸ ವಿಷಯ. ಬೀಗಕ್ಕೆ ಕೀಲಿಕೈ ಹಾಕುವ ಸದ್ದು, 2 ಸೆಕೆಂಡು. ಕಳ್ಳ ಎದ್ದು ಕಿಟಕಿಗೆ ಓಡಿ ಒಂದು ಕಾಲು ಹೊರಗಿಡುತ್ತಾನೆ, 4 ಸೆಕೆಂಡು. ತಿರುಗಿ ಅಜ್ಜನಿಗೆ ಕೈಮುಗಿಯುತ್ತಾನೆ, 3 ಸೆಕೆಂಡು. ಈ ಕೈಮುಗಿಯುವುದನ್ನು ಬಿಡಬೇಡಿ. "ಮನೆ ಅಜ್ಜನದು" ಅಂತ ಕಳ್ಳ ನಂಬಿದ್ದಾನೆ ಅನ್ನುವುದನ್ನು ಅದು ಇನ್ನೊಮ್ಮೆ ನೆನಪಿಸುತ್ತದೆ. ಆಮೇಲೆ ಅಜ್ಜ ತನ್ನ ತಲೆದಿಂಬು ಎತ್ತಿಕೊಳ್ಳುತ್ತಾನೆ. ಅದು ದಿಂಬಲ್ಲ, ಬಟ್ಟೆಯ ಗಂಟು. ಒಳಗೆ ತಂಬಿಗೆ ಖಣ್ ಅನ್ನುತ್ತದೆ. 3 ಸೆಕೆಂಡು. ಈಗ ಇಬ್ಬರೂ ಸ್ತಬ್ಧ, 2 ಸೆಕೆಂಡು, ಕ್ಯಾಮೆರಾ ಕಳ್ಳನ ಮುಖದ ಮೇಲೆ. ಅಜ್ಜ ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ಮೊದಲು ಕಿಟಕಿ ಹಾರುತ್ತಾನೆ, 3 ಸೆಕೆಂಡು. ಬಾಗಿಲು ತೆರೆದು ಮನೆಯವರು ನಿಲ್ಲುತ್ತಾರೆ, 3 ಸೆಕೆಂಡು. ಒಟ್ಟು 20.

ಫ್ಲ್ಯಾಶ್‌ಬ್ಯಾಕ್ ತೆಗೆಯಿರಿ. ಅದರಲ್ಲಿ ಹೇಳಬೇಕೆಂದಿರುವುದನ್ನು ಮೊದಲ 30 ಸೆಕೆಂಡಲ್ಲೇ ಇಡಬಹುದು. ಅಜ್ಜ ಕೂಲರ್ ಸ್ವಿಚ್ ಹುಡುಕುತ್ತಾ ಮೂರು ತಪ್ಪು ಸ್ವಿಚ್ ಒತ್ತುತ್ತಾನೆ. ಮಜ್ಜಿಗೆ ಹುಡುಕುತ್ತಾ ದೇವರ ಕೋಣೆಯ ಬಾಗಿಲು ತೆರೆಯುತ್ತಾನೆ. ವಯಸ್ಸಾಗಿದೆ, ಮರೆವು ಅಂತ ನಾವು ನಗುತ್ತೇವೆ. ಆ ನಗುವೇ ಸುಳಿವನ್ನು ಮುಚ್ಚಿಡುತ್ತದೆ. ಸುಳಿವು ಬರೀ ಸುಳಿವಾಗಿ ಕೂತರೆ ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಆ ಹೊತ್ತಿಗೆ ಬೇರೆ ಕೆಲಸ ಇರಬೇಕು.

ರಂಗಭೂಮಿಯವರು, ಕಲಬುರಗಿ

ನನ್ನ ಅನುಭವದಲ್ಲಿ ನಗೆ ಬಂದಾಗ ನಟ ನಿಲ್ಲಬೇಕು. ಜನ ನಕ್ಕು ಮುಗಿಸಿದ ಮೇಲೆ ಮುಂದಿನ ಮಾತು. ಆದ್ದರಿಂದ ತಮ್ಮಾ, ಕೊನೆಯ ಎಲ್ಲವನ್ನೂ ನಿಧಾನ ಮಾಡಿ. ಓಟವನ್ನೂ ನಿಧಾನವಾಗಿ ತೋರಿಸಿ. ಆತುರ ತಾನೇ ಹೋಗುತ್ತದೆ.

ಸ್ಟೋರಿಬೋರ್ಡ್ ಕಲಾವಿದೆ

ನಿಲ್ಲಬೇಕು ಅನ್ನುವುದು ಸರಿ ಸರ್. ಆದರೆ ರಂಗದ ಮೇಲೆ ನಟನಿಗೆ ನಗು ಕೇಳಿಸುತ್ತದೆ, ಅದಕ್ಕೆ ತಕ್ಕಂತೆ ಕಾಯುತ್ತಾನೆ. ಇಲ್ಲಿ ಆ ಕಾಯುವಿಕೆಯನ್ನು ನಾವು ಮೊದಲೇ ಊಹಿಸಿ ಫ್ರೇಮಿನಲ್ಲಿ ಬರೆದಿಡಬೇಕು. ಇನ್ನೊಂದು, ಚಲನೆ ನಿಧಾನವಾದರೆ ಕಾಮಿಡಿ ಭಾರವಾಗುತ್ತದೆ. ಅಜ್ಜ ಕಿಟಕಿ ಹಾರುವುದು ಫಟ್ ಅಂತ ಆಗಬೇಕು, 6 ಅಥವಾ 8 ಫ್ರೇಮ್ ಸಾಕು. ನಾನು ಅದಕ್ಕೆ 3 ಸೆಕೆಂಡು ಕೊಟ್ಟಿದ್ದರಲ್ಲಿ ಹೆಚ್ಚಿನದು ಆಮೇಲೆ ಖಾಲಿ ಕಿಟಕಿಯನ್ನು ನೋಡುತ್ತಾ ನಿಂತ ಕಳ್ಳನಿಗೆ. ಚಲನೆ ಚುರುಕಾಗಿರಲಿ, ಸ್ತಬ್ಧತೆ ಉದ್ದವಾಗಲಿ. ಎರಡನ್ನೂ ಎಳೆದರೆ ಜನ ಮೊಬೈಲ್ ನೋಡುತ್ತಾರೆ.

ಇನ್ನೊಬ್ಬರು, ಬೀದರ್

ಮೂರು ನಿಮಿಷ ಅಂದರೆ 4320 ಫ್ರೇಮ್. ನನ್ನ ಲ್ಯಾಪ್‌ಟಾಪಲ್ಲಿ ರೆಂಡರ್ ಆಗಲು ರಾತ್ರಿಯೆಲ್ಲ ಬೇಕು. ಆತುರ ಮಾಡಬೇಡಿ. ಒಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿದರೆ ಚಿತ್ರಗಳ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ.

ಸ್ಟೋರಿಬೋರ್ಡ್ ಕಲಾವಿದೆ

ಅದು ಕೆಲಸದ ಆತುರ, ಇಲ್ಲಿ ಕೇಳಿರುವುದು ಕಥೆಯ ಆತುರ. ಆದರೂ ಒಂದು ಸಂಬಂಧ ಇದೆ. ಈ ಸೆಕೆಂಡುಗಳನ್ನೆಲ್ಲ ಅನಿಮ್ಯಾಟಿಕ್‌ನಲ್ಲೇ, ಅಂದರೆ ಕಚ್ಚಾ ಚಿತ್ರಗಳನ್ನು ಸದ್ದಿನ ಜೊತೆ ಸಮಯಕ್ಕೆ ಸರಿಯಾಗಿ ಜೋಡಿಸಿದ ಕರಡಿನಲ್ಲೇ, ತೀರ್ಮಾನಿಸಿ. ಪೆನ್ಸಿಲ್ ಚಿತ್ರಗಳು, ನಿಮ್ಮದೇ ದನಿ, ಮೊಬೈಲಲ್ಲಿ ಹಿಡಿದ ನಿಜವಾದ ಕೂಲರ್ ಸದ್ದು, ಅಷ್ಟು ಸಾಕು. ಬಣ್ಣ ಹಾಕಿದ ಶಾಟನ್ನು ಕತ್ತರಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ.

ಶಾಲಾ ಶಿಕ್ಷಕಿ, ಯಾದಗಿರಿ

ನಮ್ಮ ಮಕ್ಕಳ ಜೊತೆ ಕಾಗದ ಕತ್ತರಿಸಿ 40 ಸೆಕೆಂಡಿನದು ಮಾಡಿದ್ದೆ. ಕೊಡಪಾನ ಸರದಿಯಲ್ಲಿ ನಿಂತಿರುತ್ತದೆ, ಕೊನೆಗೆ ಅದರ ತಳ ತೂತು ಅಂತ ಗೊತ್ತಾಗುತ್ತದೆ. ತೂತು ತೋರಿಸುವಾಗಲೇ ಪಕ್ಕದಲ್ಲಿ "ಅಯ್ಯೋ ತೂತು!" ಅಂತ ಬರೆದಿದ್ದೆ. ಮಕ್ಕಳು ಅಕ್ಷರ ಓದುತ್ತಾ ಕೂತರು, ತೂತನ್ನು ನೋಡಲೇ ಇಲ್ಲ. ಓದಿ ಮುಗಿಸುವಷ್ಟರಲ್ಲಿ ಚಿತ್ರವೂ ಮುಗಿದಿತ್ತು. ಬರಹ ತೆಗೆದು, ಕೊಡಪಾನದ ತಳವನ್ನೇ ಎರಡು ಸೆಕೆಂಡು ಹಿಡಿದೆವು. ಒಂದನೇ ತರಗತಿಯವರೂ ನಕ್ಕರು. ನಿಮ್ಮದರಲ್ಲಿ ಕೊನೆಗೆ ಮಾತು ಇದೆಯಾ?

ಕೇಳಿದವರು

ಇದೆ ಮೇಡಂ. ಕಿಟಕಿ ಹತ್ತಿರ ಕಳ್ಳ "ನೀ ಯಾಕ ಓಡ್ಲತ್ತಿ ಅಜ್ಜಾ?" ಅಂತಾನೆ. ಅಜ್ಜ "ಇದು ನಂದೇನು ಮನಿ?" ಅಂತಾನೆ. ಆ ಮಾತು ನನಗೆ ತುಂಬಾ ಇಷ್ಟ.

ಇನ್ನೊಂದು ಯೋಚನೆ ಬಂತು ಅಕ್ಕಾ. ಕೂಲರ್ ಗರ್ರ್ ಅನ್ನುತ್ತಿದ್ದರೆ ಕೀಲಿಕೈ ಸದ್ದು ಕೇಳಿಸುವುದಿಲ್ಲ. ಅದೇ ಹೊತ್ತಿಗೆ ಕರೆಂಟ್ ಹೋದರೆ?

ಸ್ಟೋರಿಬೋರ್ಡ್ ಕಲಾವಿದೆ

ಕರೆಂಟ್ ಬೇಡ. ಮೌನದ ಆಟವನ್ನು ಒಮ್ಮೆ ಆಡಿ ನಗು ಪಡೆದಿದ್ದೀರಿ, ಎರಡನೆಯ ಸಲ ಅದು ಸಪ್ಪೆ. ಜೊತೆಗೆ ಸರಿಯಾಗಿ ಆಗಲೇ ಕರೆಂಟ್ ಹೋದರೆ ಬರೆದವರ ಕೈ ಕಾಣುತ್ತದೆ. ಆ 8 ಸೆಕೆಂಡಲ್ಲಿ ಕೂಲರ್ ಸದ್ದನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ಯಾರೂ ಗಮನಿಸುವುದಿಲ್ಲ. ಕೊನೆಗೆ ಕೀಲಿಕೈ ಸ್ಪಷ್ಟವಾಗಿ ಕೇಳುತ್ತದೆ.

ಅಜ್ಜನ ಮಾತು ಚೆನ್ನಾಗಿದೆ, ಆದರೆ ಗಂಟು ಖಣ್ ಅಂದ ಮೇಲೆ ಅದು ಗೊತ್ತಿರುವುದನ್ನೇ ಹೇಳುತ್ತದೆ. ಎರಡು ಅನಿಮ್ಯಾಟಿಕ್ ಮಾಡಿ, ಮಾತಿರುವುದು ಒಂದು, ಇಲ್ಲದ್ದು ಒಂದು. ಕಥೆ ಗೊತ್ತಿಲ್ಲದವರಿಗೆ ಒಬ್ಬೊಬ್ಬರಿಗೇ ತೋರಿಸಿ. ಪರದೆ ನೋಡಬೇಡಿ, ಅವರ ಮುಖ ನೋಡಿ. ಗಂಟು ಎತ್ತಿದಾಗ ನಕ್ಕರೆ ಸರಿ. ಬಾಗಿಲು ತೆರೆದಾಗ ನಕ್ಕರೆ ಸುಳಿವು ಕಡಿಮೆಯಾಗಿದೆ. ಕೀಲಿಕೈಗೂ ಮೊದಲೇ ಮುಗುಳ್ನಕ್ಕರೆ ಸುಳಿವು ಜಾಸ್ತಿಯಾಗಿದೆ.

ಕೇಳಿದವರು (ನಾಲ್ಕು ದಿನದ ನಂತರ)

ಐದು ಜನರಿಗೆ ತೋರಿಸಿದೆ. ಮೂವರು ಗಂಟಿಗೆ ನಕ್ಕರು. ಒಬ್ಬ ಗೆಳೆಯ ಬಾಗಿಲು ತೆರೆದಾಗ. ಅಮ್ಮ ಮಾತ್ರ ಎರಡನೆಯ ಪ್ರಯತ್ನದಲ್ಲೇ "ಇವನು ಈ ಮನೆಯವನಲ್ಲ" ಅಂದರು. ಗೋಡೆ ಮೇಲೆ ಮನೆಯವರ ಫೋಟೋ ಬರೆದಿದ್ದೆ, ಅದರಲ್ಲಿ ಅಜ್ಜ ಇಲ್ಲ ಅಂತ ನೋಡಿಬಿಟ್ಟರು.

ಸ್ಟೋರಿಬೋರ್ಡ್ ಕಲಾವಿದೆ

ಫೋಟೋ ಎಷ್ಟು ಹೊತ್ತು ಕಾಣುತ್ತದೆ? ಎಲ್ಲಿದೆ?

ಕೇಳಿದವರು

ಹೊರಸಿನ ಹಿಂದೆ, ಸರಿಯಾಗಿ ನಡುವೆ. ಆ ಕೋನದ ಪ್ರತಿ ಶಾಟಲ್ಲೂ ಇದೆ.

ಸ್ಟೋರಿಬೋರ್ಡ್ ಕಲಾವಿದೆ

ಹಾಗಾದರೆ ಅಮ್ಮನದು ತಪ್ಪಿಲ್ಲ, ನೀವೇ ಅಷ್ಟು ಹೊತ್ತು ತೋರಿಸಿದ್ದೀರಿ. ಫೋಟೋವನ್ನು ಬಾಗಿಲ ಪಕ್ಕದ ಗೋಡೆಗೆ ಸರಿಸಿ. ಕಪಾಟು ಬೀಳುವಾಗ ಒಂದೇ ಸಲ, ಅದೂ ಓರೆಯಾಗಿ ಕಾಣಲಿ. ಎಲ್ಲರ ಕಣ್ಣು ಕಪಾಟಿನ ಮೇಲಿರುತ್ತದೆ. ಕೊನೆಗೆ ಬಾಗಿಲು ತೆರೆದಾಗ ಅದೇ ಫೋಟೋದ ಪಕ್ಕ ಅದೇ ಮುಖಗಳು ನಿಂತಿರಲಿ. ಗೆಳೆಯನಂತೆ ತಡವಾಗಿ ಅರ್ಥವಾಗುವವರಿಗೆ ಅದು ಕೈ ಹಿಡಿಯುತ್ತದೆ.

ರಂಗಭೂಮಿಯವರು

ಮಾತು ಇಟ್ಟಿರಾ, ತೆಗೆದಿರಾ? ನನಗೆ ಕೇಳಿದರೆ "ಇದು ನಂದೇನು ಮನಿ?" ಇಲ್ಲದೆ ಈ ಚಿತ್ರ ಕಲಬುರಗಿಯದಾಗುವುದಿಲ್ಲ.

ಸ್ಟೋರಿಬೋರ್ಡ್ ಕಲಾವಿದೆ

ಹಾಗಿದ್ದರೆ ಕಿಟಕಿ ಹತ್ತಿರ ಬೇಡ ಸರ್. ಕೊನೆಯ 12 ಸೆಕೆಂಡಲ್ಲಿ ಓಡುತ್ತಾ ಹೇಳಲಿ, ನಗು ಒಮ್ಮೆ ಬಂದು ಹೋದ ಮೇಲೆ. ನನಗೆ ಈಗಲೂ ಮಾತಿಲ್ಲದ್ದೇ ಇಷ್ಟ.

ಕೇಳಿದವರು

ಮಾತಿಲ್ಲದ್ದನ್ನು ನೋಡಿದವರು ಇಬ್ಬರು, ಮಾತಿರುವುದನ್ನು ಮೂವರು. ಇಷ್ಟರಲ್ಲಿ ಹೇಳುವುದು ಕಷ್ಟ. ಓಡುವಾಗ ಮಾತು ಇಟ್ಟು ಮೂರನೆಯದೊಂದು ಮಾಡಿ, ಭಾನುವಾರ ಹಾಸ್ಟೆಲಿನಲ್ಲಿ ತೋರಿಸುತ್ತೇನೆ. ಫೋಟೋ ಇವತ್ತೇ ಸರಿಸಿದೆ.