ಎರಡೇ ತಿಂಗಳಿಗೆ ಕಪ್ಪಾದ ಕಾಲುಗೆಜ್ಜೆ: ಬೆಳ್ಳಿನಾ, ಬೇರೇನಾದರೂನಾ?

ಪ್ರಶ್ನೆ (ದಾವಣಗೆರೆ): ಅಣ್ಣ, ಅಕ್ಕನ ಮದುವೆಗೆ ನನಗೊಂದು ಜೊತೆ ಗೆಜ್ಜೆ ಕೊಂಡಿದ್ವಿ, 84 ಗ್ರಾಂ. ಅಂಗಡಿಯವರು 92 ಟಚ್, ಅಂದರೆ ನೂರಕ್ಕೆ 92 ಪಾಲು ಬೆಳ್ಳಿ ಎಂದಿದ್ದರು. ಮದುವೆ ಮುಗಿದ ಮೇಲೆ ಸುತ್ತಿ ಡಬ್ಬಿಯಲ್ಲಿಟ್ಟೆ. ಈಗ ತೆಗೆದರೆ ಕಪ್ಪು, ಎರಡು ಕಡೆಯಂತೂ ಪಟ್ಟೆ ಬಳಿದ ಹಾಗಿದೆ. ಮೋಸ ಹೋದ್ವಾ? ಮನೆಯಲ್ಲೇ ತೊಳೆಯೋದು ಹೇಗೆ?

ಹೊಳಲ್ಕೆರೆಯಿಂದ ಒಬ್ಬರು: ಮೈಯಲ್ಲಿ ಉಷ್ಣ ಜಾಸ್ತಿ ಇದ್ದರೆ ಬೆಳ್ಳಿ ಕಪ್ಪಾಗುತ್ತದಮ್ಮ. ಹುಣಸೆಹಣ್ಣು ಹಾಕಿ ತಿಕ್ಕು.

ಚೌಕಿಪೇಟೆಯ ಅಕ್ಕಸಾಲಿ: ಡಬ್ಬಿಯೊಳಗಿದ್ದ ಗೆಜ್ಜೆಗೆ ಯಾರ ಮೈ ಉಷ್ಣ ತಾಗಬೇಕು ಅಕ್ಕ? ಬೆವರಿಗೂ ಕಪ್ಪಾಗುವುದು ನಿಜ, ಆದರೆ ಇಲ್ಲಿ ಅದಲ್ಲ. ತಂಗಿ, ಸುತ್ತಿಟ್ಟಾಗ ರಬ್ಬರ್ ಬ್ಯಾಂಡ್ ಹಾಕಿದ್ದಿರಾ? ರಬ್ಬರಿನಲ್ಲಿ ಗಂಧಕ ಇರುತ್ತದೆ. ಅದು ಬೆಳ್ಳಿಗೆ ಹಿಡಿದರೆ ಮೇಲೆ ಕಪ್ಪು ಪೊರೆ ಕೂರುತ್ತದೆ. ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ಹಾಗಾಗಿ ಕಪ್ಪಾಯಿತು ಎಂದ ಮಾತ್ರಕ್ಕೆ ಮೋಸ ಅಲ್ಲ. ಹಸಿರು ಕಿಲುಬು ಬಂದಿದ್ದರೆ ತಾಮ್ರ ಜಾಸ್ತಿ ಇದೆಯಾ ಎಂದು ನಾನೂ ಅನುಮಾನ ಪಡುತ್ತಿದ್ದೆ.

ಪ್ರಶ್ನೆ ಕೇಳಿದವರು: ಹೌದಣ್ಣ, ಎರಡು ರಬ್ಬರ್ ಬ್ಯಾಂಡ್! ಪಟ್ಟೆ ಇರೋದೂ ಅಲ್ಲೇ. ಆಯಸ್ಕಾಂತಕ್ಕೆ ಅಂಟಲಿಲ್ಲ, ಅಂದರೆ ಬೆಳ್ಳಿನೇ ಅಲ್ವಾ?

ಅಕ್ಕಸಾಲಿ: ಒಳಗೆ ಕಬ್ಬಿಣ ಇಲ್ಲ ಎಂದಷ್ಟೇ ಗೊತ್ತಾಯಿತು. ಹಿತ್ತಾಳೆಯೂ ಅಂಟಲ್ಲ, ಜರ್ಮನ್ ಸಿಲ್ವರೂ ಅಂಟಲ್ಲ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇರುವುದಿಲ್ಲ, ಹೆಸರಷ್ಟೇ. ಆ್ಯಸಿಡ್ ಪರೀಕ್ಷೆ ಮನೆಯಲ್ಲಿ ಬೇಡ, ಕೈ ಸುಡುತ್ತದೆ. ನೀರಿನಲ್ಲಿ ತೂಗಿ ನೋಡಿ. ಅಡುಗೆಮನೆ ತಕ್ಕಡಿ ಸಾಲದು, 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು. ಮೊದಲು ಗೆಜ್ಜೆಯ ತೂಕ ಬರೆದುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಗೆಜ್ಜೆಯನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗುವ ಹಾಗೆ ಕೈಯಲ್ಲೇ ಹಿಡಿದಿರಿ. ತಳಕ್ಕೆ, ಪಕ್ಕಕ್ಕೆ ತಾಗಬಾರದು. ಗುಳ್ಳೆ ಇದ್ದರೆ ಅಲ್ಲಾಡಿಸಿ ಬಿಡಿಸಿ. ಮೊದಲ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. 10ರ ಮೇಲೆ ಬಂದರೆ ಬೆಳ್ಳಿ ಕಡೆಗೆ, 8.5ರ ಆಸುಪಾಸು ಬಂದರೆ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ ಕಡೆಗೆ.

ಪ್ರಶ್ನೆ ಕೇಳಿದವರು: ಪಕ್ಕದ ಮನೆಯವರ ತಕ್ಕಡಿ ತಂದೆ. 84.2 ಗ್ರಾಂ, ನೀರಿನಲ್ಲಿ 8.2. ಭಾಗಿಸಿದರೆ 10.27. ಹಾಗಾದರೆ 92 ಟಚ್ ಖಾತ್ರಿ!

ಚಿತ್ರದುರ್ಗದ ಮೇಷ್ಟ್ರು: ಖಾತ್ರಿ ಅಲ್ಲಮ್ಮ. ತಾಮ್ರ ಬೆರೆತ 92.5ರ ಬೆಳ್ಳಿಗೆ 10.36 ಬರಬೇಕು, 80ಕ್ಕೆ ಸುಮಾರು 10.14. ನಿನ್ನ 8.2 ನಿಜವಾಗಿ 8.15 ಇರಬಹುದು, 8.25 ಇರಬಹುದು. ಅಷ್ಟಕ್ಕೇ ಉತ್ತರ 10.33ರಿಂದ 10.2ರವರೆಗೆ ಓಡಾಡುತ್ತದೆ.

ಅಕ್ಕಸಾಲಿ: ಮೇಷ್ಟ್ರು ಸರಿ. ಗೆಜ್ಜೆಯೊಳಗೆ ಗಾಳಿ ಉಳಿದಿದ್ದರೂ ಲೆಕ್ಕ ಇಳಿಯುತ್ತದೆ. ಹಿತ್ತಾಳೆ ಅಲ್ಲ, ಅಷ್ಟು ನೆಮ್ಮದಿ. ಟಚ್ ಎಷ್ಟು ಎಂದು ಮೆಷಿನ್ನಿಗೆ ಹಾಕಿಸಿ. ಅದೂ ನೋಡುವುದು ಮೇಲ್ಪದರವನ್ನು, ಅದಕ್ಕೆ ಕೊಂಡಿಯ ಹತ್ತಿರ ಸ್ವಲ್ಪ ಉಜ್ಜಿಸಿ ತೋರಿಸಿ.

ಇನ್ನು ತೊಳೆಯುವುದು. ಹುಣಸೆಹಣ್ಣು ಹಿತ್ತಾಳೆ ಬಿಂದಿಗೆಗಿರಲಿ. ಸ್ಟೀಲ್ ಬೋಗುಣಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಹೊಳೆಯುವ ಮುಖ ಯಾವ ಕಡೆ ಇದ್ದರೂ ನಡೆಯುತ್ತದೆ. ಗೆಜ್ಜೆ ಫಾಯಿಲ್‌ಗೆ ತಾಗುವ ಹಾಗೆ ಇಡಿ, ತಾಗದಿದ್ದರೆ ಕೆಲಸ ಆಗಲ್ಲ. ಒಂದು ಲೀಟರ್ ಕುದಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಚಿಕ್ಕ ಚಮಚ ಉಪ್ಪು ಕದಡಿ ಸುರಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ಗಂಧಕ ಬೆಳ್ಳಿ ಬಿಟ್ಟು ಹೋಗುತ್ತಿದೆ. ಕಿಟಕಿ ತೆಗೆದಿಡಿ. ಎರಡು ಮೂರು ನಿಮಿಷಕ್ಕೆ ತೆಗೆದು ನೋಡಿ, ಪಟ್ಟೆ ಉಳಿದಿದ್ದರೆ ಹೊಸ ಫಾಯಿಲ್ ಹಾಕಿ ಇನ್ನೊಂದು ಸಲ. ಆಮೇಲೆ ಚೆನ್ನಾಗಿ ತೊಳೆದು, ಗೆಜ್ಜೆಯೊಳಗಿನ ನೀರು ಒದರಿ, ರಾತ್ರಿಯೆಲ್ಲ ಫ್ಯಾನ್ ಕೆಳಗಿಡಿ. ಇದರಲ್ಲಿ ತಿಕ್ಕಾಟ ಇಲ್ಲ, ಬೆಳ್ಳಿ ಸವೆಯುವುದಿಲ್ಲ. ಆದರೆ ಡಿಸೈನಿನ ಸಂದಿಯಲ್ಲಿ ಬೇಕೆಂದೇ ಬಿಟ್ಟ ಆ್ಯಂಟಿಕ್ ಕಪ್ಪು ಇದ್ದರೆ ಅದೂ ಹೋಗುತ್ತದೆ. ಮುತ್ತು, ಹವಳ, ಅಂಟಿಸಿದ ಕಲ್ಲು, ಮೀನಾ ಬಣ್ಣ ಇದ್ದರೆ ಹೀಗೆ ಮಾಡಬೇಡಿ.

ಹರಿಹರದ ಒಬ್ಬರು: ನಮ್ಮಪ್ಪನ ಬೆಳ್ಳಿ ಕರಡಿಗೆ ಕಪ್ಪಾಗಿದೆ. ಲಿಂಗದ ಸಮೇತ ಸೋಡಾ ನೀರಿಗೆ ಹಾಕಬಹುದಾ?

ಅಕ್ಕಸಾಲಿ: ಬೇಡ ಯಜಮಾನ್ರೇ. ಲಿಂಗವನ್ನು ಹೊರಗೆ ತೆಗೆದಿಡಿ. ತೆಗೆದ ಮೇಲೂ ಕರಡಿಗೆಯನ್ನು ಮುಳುಗಿಸಬೇಡಿ, ಸಂದಿಯಲ್ಲಿ ನೀರು ನಿಲ್ಲುತ್ತದೆ. ನುಣುಪಾದ ಬಿಳಿ ವಿಭೂತಿಯನ್ನು ಒದ್ದೆ ಬಟ್ಟೆಗೆ ಹಚ್ಚಿ ಮೆಲ್ಲಗೆ ಒರೆಸಿ, ನಮ್ಮಜ್ಜ ಮಾಡುತ್ತಿದ್ದದ್ದೂ ಅದೇ. ಸಗಣಿ ಬೂದಿಯಲ್ಲಿ ಮರಳಿನ ಕಣ ಇರುತ್ತದೆ, ಗೀರು ಬೀಳುತ್ತದೆ. ಟೂತ್‌ಪೇಸ್ಟೂ ಹಾಗೇ.

ಹರಿಹರದವರು: ನಾನು ವರ್ಷಗಟ್ಟಲೆ ಟೂತ್‌ಪೇಸ್ಟಿನಲ್ಲೇ ಉಜ್ಜಿದ್ದೇನೆ, ಏನೂ ಆಗಿಲ್ಲ.

ಅಕ್ಕಸಾಲಿ: ಮೇಲಿನ ಕೆತ್ತನೆ ಮೊದಲಿನಷ್ಟೇ ಚೂಪಾಗಿದೆಯಾ, ಬಿಸಿಲಿಗೆ ಹಿಡಿದು ನೋಡಿ.

ಪ್ರಶ್ನೆ ಕೇಳಿದವರು: ಅಣ್ಣ, ತೊಳೆದೆ, ಬೆಳ್ಳಗಾಯಿತು! ಒಂದು ಪಟ್ಟೆ ಮಾತ್ರ ಮಸುಕಾಗಿ ಉಳಿದಿದೆ. ಮೆಷಿನ್ನಿನಲ್ಲಿ 92 ಬರದಿದ್ದರೆ ಅಂಗಡಿಯವರನ್ನು ಕೇಳಬಹುದಾ? ಹಾಲ್‌ಮಾರ್ಕ್ ಕಾಣ್ತಿಲ್ಲ.

ಅಕ್ಕಸಾಲಿ: ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ, ಚಿನ್ನಕ್ಕಿದ್ದ ಹಾಗೆ ಅಲ್ಲ. ಬಿಲ್ಲಿನಲ್ಲಿ ಏನು ಬರೆದಿದ್ದಾರೆ?

ಪ್ರಶ್ನೆ ಕೇಳಿದವರು: 'ಬೆಳ್ಳಿ ಗೆಜ್ಜೆ 1 ಜೊತೆ, 84.2 ಗ್ರಾಂ' ಅಂತಿದೆ. ಟಚ್ ಬರೆದಿಲ್ಲ.

ಅಕ್ಕಸಾಲಿ: ಹಾಗಾದರೆ 92 ಬರೀ ಬಾಯಿಮಾತು. ಮೆಷಿನ್ ಚೀಟಿ ಹಿಡಿದು ಹೋಗಿ ಕೇಳಿ, ಆದರೆ ಜಗಳ ಗೆಲ್ತೀರಿ ಎಂದು ನಾನು ಹೇಳಲಾರೆ.